ಅರವತ್ತೊಂದು ಯಾರು?

ಬೆಳಿಗ್ಗೆ ಒಂಬತ್ತು ನಲವತ್ತೊಂದಕ್ಕೆ ಆಸ್ಪತ್ರೆಯ ಫೋನುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಒಂದಾದ ಮೇಲೊಂದರಂತೆ ಕೆಟ್ಟಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಾರ್ಲಿಸ್ ಕಂಗಾಸ್ ನೆಲಮಾಳಿಗೆಯ ತನ್ನ ಮೇಜಿನಲ್ಲಿ ಕೂತು ಡುಲೂತ್ ಪಟ್ಟಣದ ಅಂಗಡಿಯವನ ಹತ್ತಿರ ಪ್ರಿಂಟರ್ ಇಂಕಿನ ವಿಷಯ ಮಾತಾಡುತ್ತಿದ್ದಳು. ಅವನು "ಗುರುವಾರ" ಎನ್ನಲು ಹೊರಟವನು "ಗು" ಎಂದದ್ದು ಎರಡು ಸಲ ಕೇಳಿಸಿತು, ಆಮೇಲೆ ಏನೂ ಇಲ್ಲ. ಕಟ್ ಆದ ಫೋನಿನ ಸದ್ದೂ ಇಲ್ಲ. ಮಾರ್ಲಿಸ್ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಅದರ ಪುಟ್ಟ ಪರದೆಯ ಗಡಿಯಾರ ಅಲ್ಲೇ ನಿಂತಿತ್ತು.

ಆಮೇಲೆ ಅವಳ ಗಮನಕ್ಕೆ ಬಂದದ್ದು ಆ ಮೌನ. ಆಸ್ಪತ್ರೆಗೆ ತನ್ನದೇ ಒಂದು ಗಲಾಟೆ ಇರುತ್ತದೆ. ಡಾಕ್ಟರನ್ನು ಕರೆಯುವ ಸ್ಪೀಕರು, ಮೂಲೆಯ ಪ್ರಿಂಟರಿನ ಕೆಮ್ಮು, ಔಷಧದ ಬೀರುವಿನ ಕೀಂ ಕೀಂ. ಅದರಲ್ಲೇ ಹತ್ತೊಂಬತ್ತು ವರ್ಷ ಕಳೆದವಳಿಗೆ ಅದು ಕೇಳಿಸುವುದೇ ನಿಂತಿತ್ತು. ಈಗ ಅದು ಇಲ್ಲವಾದಾಗ ಕಿವಿ ಗುಂಯ್ ಎಂದಿತು. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿ, ಕಿಟಕಿಯ ಗಾಜಿನ ತುಂಬ ಹಿಮದ ಪೊರೆ. ಒಳಗೆ ಬಿಸಿನೀರಿನ ಕೊಳವೆ ಟಕ್ ಟಕ್ ಎನ್ನುವುದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ಈ ಆಸ್ಪತ್ರೆ ಕಟ್ಟಿಸಿದ ಕೌಂಟಿ ಆಡಳಿತದ ದೊಡ್ಡ ಮನುಷ್ಯರು ಮಹಾ ಜಿಪುಣರು. ಫೋನಿಗೊಂದು ದಾರಿ, ಲ್ಯಾಬಿಗೊಂದು, ರೋಗಿಗಳ ಎದೆಬಡಿತ ತೋರಿಸುವ ಮಾನಿಟರುಗಳಿಗೊಂದು ಎಂದು ಬೇರೆ ಬೇರೆ ಎಳೆಯುವ ಬದಲು ಎಲ್ಲವನ್ನೂ ಒಂದೇ ನೆಟ್‌ವರ್ಕಿಗೆ ಕಟ್ಟಿದ್ದರು. ಬೇಡ ಎಂದು ಮಾರ್ಲಿಸಳ ಜೊತೆ ಆ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ವರ್ನ್ ಪ್ರೆಬಿಚ್ ಮೂರು ಸಲ ಕಾಗದ ಬರೆದಿದ್ದ. ಆ ಕಾಗದಗಳು ಯಾವ ಕಪಾಟಿನಲ್ಲಿ ಕೊಳೆಯುತ್ತಿವೆಯೋ ದೇವರಿಗೇ ಗೊತ್ತು. ಫೋನು ಸತ್ತಿದೆ ಎಂದರೆ ಎರಡನೆಯ ಮಹಡಿಯ ಮಾನಿಟರುಗಳೂ ಸತ್ತಿವೆ ಎಂದೇ ಅರ್ಥ. ಮಾರ್ಲಿಸ್ ಎದ್ದು ಬಾಗಿಲ ಕಡೆ ಹೊರಟಳು.

ಆಸ್ಪತ್ರೆಯ ಗಾರೆ, ಬಣ್ಣ, ಕೊಳಾಯಿ ಎಲ್ಲ ನೋಡಿಕೊಳ್ಳುವ ಡ್ಯೂಯಿ ಲಾಹ್ತಿ ಮೆಟ್ಟಿಲಿಳಿದು ಬಂದ. ಅರವತ್ತು ದಾಟಿದ ಮನುಷ್ಯ, ಮನೆ ಹತ್ತಿ ಉರಿಯುತ್ತಿದ್ದರೂ ಕುಚೋದ್ಯ ಬಿಡದವನು. ಅವನ ಕೈಯಲ್ಲಿ ಎರಡು ವಾಕಿಟಾಕಿ ಇದ್ದವು. ಮೂರನೆಯದನ್ನು ಎರಡನೆಯ ಮಹಡಿಯ ನರ್ಸ್ ಲುವಾನ್‌ಗೆ ಕೊಟ್ಟು ಬಂದಿದ್ದ.

"ಏನಮ್ಮಾ ಮಾರ್ಲಿಸ್, ವರ್ನ್ ಹೋಗಿ ಇನ್ನೂ ತಿಂಗಳಾಗಿಲ್ಲ, ಅಷ್ಟರಲ್ಲೇ ಎಲ್ಲಾ ಮಲಗಿಸಿಬಿಟ್ಯಲ್ಲ," ಎಂದ. ಅವಳ ಮುಖ ನೋಡಿದವನೇ ಮಾತು ನುಂಗಿಕೊಂಡು ವಾಕಿಟಾಕಿ ಕೈಗಿತ್ತ.

ಲುವಾನಳ ದನಿ ಗೊರಗೊರ ಎನ್ನುತ್ತ ಬಂತು. ನರ್ಸುಗಳ ಮೇಜಿನ ಮೇಲಿನ ದೊಡ್ಡ ಪರದೆ ಪೂರ್ತಿ ಕಪ್ಪಾಗಿದೆ. ಆರು ಜನ ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದಾರೆ. ಅವರ ಹಾಸಿಗೆಯ ಪಕ್ಕದ ಪೆಟ್ಟಿಗೆಗಳು ಕೆಲಸ ಮಾಡುತ್ತಿವೆ, ಆದರೆ ಅಲ್ಲಿ ಕೂಗಿದ್ದು ಅಲ್ಲಿಗೇ. ಈ ದಿನ ಇರುವವರು ತಾನು ಮತ್ತು ಇನ್ನೊಬ್ಬಳು, ಇಬ್ಬರೇ. ಅದಕ್ಕೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಒಂದೊಂದಾಗಿ ನೋಡುತ್ತ ಸುತ್ತುತ್ತೇವೆ, ಸಂಖ್ಯೆಗಳನ್ನು ನಿನಗೂ ಓದಿ ಹೇಳುತ್ತಿರುತ್ತೇನೆ, ಒಂದು ಸಂಖ್ಯೆ ತಪ್ಪಿದರೂ ಇನ್ನೊಂದು ಜೊತೆ ಕಿವಿ ಇರಲಿ ಎಂದಳು. ಹನ್ನೊಂದನೆಯ ಕೋಣೆ, ಎದೆಬಡಿತ ಎಪ್ಪತ್ತೆರಡು. ಹನ್ನೆರಡು, ಎಂಬತ್ತು. ಹದಿನಾಲ್ಕನೆಯ ಕೋಣೆಯಲ್ಲಿ ಗಣಿಯಿಂದ ನಿವೃತ್ತನಾದ ಸ್ಟಿಪಿಚ್ ಮುದುಕ. ಅವನದು ಐವತ್ತೆರಡು. ಅವನ ಮೇಲೆ ಮಾತ್ರ ತನಗೆ ನಂಬಿಕೆಯಿಲ್ಲ ಎಂದು ಲುವಾನ್ ಸೇರಿಸಿದಳು.

ಇಪ್ಪತ್ತೆರಡು ದಿನದ ಹಿಂದೆ ಇದೇ ನೆಲಮಾಳಿಗೆಯಲ್ಲಿ ಒಬ್ಬನ ಎದೆ ನಿಂತದ್ದನ್ನು ಯಾರೂ ನೋಡಿರಲಿಲ್ಲ. ವರ್ನ್ ತನ್ನ ಕುರ್ಚಿಯಲ್ಲೇ ಹೋಗಿದ್ದ, ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಡ್ಯೂಯಿಯ ಕಣ್ಣಿಗೆ ಬಿದ್ದಿದ್ದ. ಹತ್ತೂವರೆಯ ಸುಮಾರಿಗೆ ಆಗಿರಬೇಕು, ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಎಂದು ಡಾಕ್ಟರು ಶುರು ಮಾಡಿ ಸುಮ್ಮನಾಗಿದ್ದರು. ಪಕ್ಕದಲ್ಲಿ ಇರಬೇಕಾದವಳು ಮಾರ್ಲಿಸ್. ಅವಳು ಆ ದಿನ ಹೊಟ್ಟೆ ಸರಿಯಿಲ್ಲವೆಂದು ರಜೆ ಹಾಕಿದ್ದಳು. ಅವಳ ಹೊಟ್ಟೆ ಆ ದಿನ ಚೆನ್ನಾಗಿಯೇ ಇತ್ತು. ಇನ್ನೊಂದು ಎದೆ ತನ್ನ ಕಾರಣದಿಂದ ಯಾರ ಕಣ್ಣಿಗೂ ಬೀಳದೆ ನಿಲ್ಲಬಾರದು ಎನ್ನುವುದೊಂದೇ ಅವಳ ತಲೆಯಲ್ಲಿತ್ತು.

ಯಂತ್ರಗಳ ಕೋಣೆಯ ಬಾಗಿಲು ತೆರೆದಾಗ ಅವಳು ಹೊಸಿಲಲ್ಲೇ ನಿಂತಳು. ಅಲ್ಲಿ ಕಪಾಟಿನ ತುಂಬ ಸ್ವಿಚ್‌ಗಳು, ಅಂದರೆ ಕಟ್ಟಡದ ಕೇಬಲ್‌ಗಳೆಲ್ಲ ಬಂದು ಸೇರಿ ಒಂದರ ಮಾತನ್ನು ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆಗಳು. ಪ್ರತಿ ಕೇಬಲ್ಲಿನ ತಲೆಯ ಮೇಲೂ ಒಂದು ಹಸಿರು ದೀಪ. ಬೇರೆ ದಿನ ಆ ದೀಪಗಳು ತಮ್ಮ ಪಾಡಿಗೆ ತಾವು, ಒಂದು ಈಗ, ಇನ್ನೊಂದು ಆಗ ಮಿನುಗುತ್ತವೆ. ಈಗ ಇನ್ನೂರು ದೀಪಗಳೂ ಒಂದೇ ಸಲ ಹತ್ತಿ ಒಂದೇ ಸಲ ಆರುತ್ತಿದ್ದವು. ಇಡೀ ಗೋಡೆ ಕಣ್ಣು ಪಿಳುಕಿಸುತ್ತಿರುವಂತಿತ್ತು.

ಕಾರಣ ಏನೆಂದು ಅವಳಿಗೆ ತಕ್ಷಣ ತಿಳಿಯಿತು. ಎಲ್ಲೋ ಒಂದು ಲೂಪ್ ಆಗಿದೆ. ನೆಟ್‌ವರ್ಕಿನಲ್ಲಿ ಕೆಲವು ಮಾತುಗಳನ್ನು ಯಂತ್ರಗಳು ಎಲ್ಲರಿಗೂ ಕೇಳುವಂತೆ ಕೂಗುತ್ತವೆ. ಅಂಥ ಕೂಗು ಬಂದರೆ ಸ್ವಿಚ್ ಅದನ್ನು ಬಂದ ಬಾಗಿಲೊಂದನ್ನು ಬಿಟ್ಟು ಉಳಿದ ಎಲ್ಲ ಬಾಗಿಲುಗಳಿಂದ ಆಚೆ ಕಳಿಸುತ್ತದೆ. ಯಾರೋ ಮಹಾನುಭಾವ ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿದನೆಂದುಕೊಳ್ಳಿ. ಆಗ ಒಂದು ಬಾಗಿಲಿಂದ ಹೋದ ಕೂಗು ಪಕ್ಕದ ಬಾಗಿಲಿಂದ ಒಳಗೆ ಬರುತ್ತದೆ, ಸ್ವಿಚ್ ಅದನ್ನು ಹೊಸ ಕೂಗು ಎಂದೇ ತಿಳಿದು ಮತ್ತೆ ಎಲ್ಲ ಕಡೆಗೂ ಕಳಿಸುತ್ತದೆ. ನಾನು ಸಾವಿರ ಸಲ ಸುತ್ತಿದ್ದೇನೆ, ಇನ್ನು ಸಾಕು ಎಂದು ಹೇಳುವ ಗುರುತು ಆ ಕೂಗಿನಲ್ಲಿ ಇರುವುದಿಲ್ಲ. ಅದಕ್ಕೆ ವಯಸ್ಸಿಲ್ಲ. ಸೆಕೆಂಡಿಗೆ ಲಕ್ಷ ಸಲದಂತೆ ಸುತ್ತುತ್ತಲೇ ಇರುತ್ತದೆ, ಉಳಿದವರ ಮಾತಿಗೆ ಜಾಗವೇ ಇರುವುದಿಲ್ಲ.

ಅವಳಿಗೆ ಅರ್ಥವಾಗದೇ ಇದ್ದದ್ದು ಬೇರೆ. ಇಂಥದ್ದು ಆಗಬಾರದೆಂದು ವರ್ನ್ ಕಾವಲು ಹಾಕಿದ್ದ. ಪ್ರತಿ ಬಾಗಿಲಿನಿಂದಲೂ ಸ್ವಿಚ್ ಎರಡು ಸೆಕೆಂಡಿಗೊಮ್ಮೆ ತನ್ನ ಗುರುತಿನ ಸಂದೇಶ ಕಳಿಸುತ್ತದೆ, ಅದು ಸುತ್ತಿಕೊಂಡು ತನ್ನ ಬಳಿಗೇ ವಾಪಸು ಬಂದರೆ ಆ ಬಾಗಿಲನ್ನು ತಾನೇ ಮುಚ್ಚಿಬಿಡುತ್ತದೆ. ಹೋದ ವರ್ಷ ಅಡುಗೆಮನೆಯ ಹುಡುಗಿಯೊಬ್ಬಳು ಹೀಗೇ ಮಾಡಿದಾಗ ಅಡುಗೆಮನೆಯ ಕಂಪ್ಯೂಟರೊಂದು ಬಿಟ್ಟು ಬೇರೆ ಯಾರಿಗೂ ಗೊತ್ತಾಗಿರಲಿಲ್ಲ. ಆ ಕಾವಲು ಇವತ್ತು ಎಲ್ಲಿ ಸತ್ತಿತ್ತು?

ಕೇಳೋಣವೆಂದರೆ ಸ್ವಿಚ್ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಲ್ಯಾಪ್‌ಟಾಪನ್ನು ನೇರವಾಗಿ ಅದರ ಬೆನ್ನಿಗೆ ಸಿಕ್ಕಿಸಿ ಟೈಪ್ ಮಾಡಿದರೆ ಒಂದೊಂದು ಅಕ್ಷರ ಮೂಡಲಿಕ್ಕೂ ಎರಡು ಮೂರು ಸೆಕೆಂಡು ಬೇಕಾಯಿತು. ಅವಳು ಅದನ್ನು ಬಿಟ್ಟು ಹಳೆಯ ದಾರಿ ಹಿಡಿದಳು. ಮಹಡಿಗೊಂದರಂತೆ ಮೇಲಕ್ಕೆ ಹೋಗುವ ದಪ್ಪ ಎಳೆಗಳನ್ನು ಒಂದೊಂದಾಗಿ ಕೀಳುತ್ತ ಹೋಗುವುದು. ಯಾವುದನ್ನು ಕಿತ್ತಾಗ ದೀಪಗಳು ಶಾಂತವಾಗುತ್ತವೋ ಲೂಪ್ ಆ ಕಡೆ ಇದೆ ಎಂದು ಲೆಕ್ಕ.

ಮೂರನೆಯ ಮಹಡಿಯದು ಕಿತ್ತಳು. ದೀಪಗಳು ಹಾಗೇ ಪಿಳುಕುತ್ತಿದ್ದವು. ಕೆಳ ಮಹಡಿಯದು, ಎಮರ್ಜೆನ್ಸಿ ಮತ್ತು ಲ್ಯಾಬ್ ಇರುವಲ್ಲಿಯದು ಕಿತ್ತಳು. ಹಾಗೇ. ಎರಡನೆಯ ಮಹಡಿಯದಕ್ಕೆ ಕೈ ಹಾಕುವಾಗ ಬೆರಳು ತಡೆಯಿತು. ಆ ಮಾನಿಟರುಗಳ ಚಿತ್ರಗಳೆಲ್ಲ ಈ ಕೋಣೆಯ ಸರ್ವರಿಗೆ ಬಂದು ಮತ್ತೆ ಮೇಲೆ ಹೋಗುತ್ತವೆ, ಅವು ಹೇಗೂ ಈಗ ಕುರುಡು ಎಂದು ತನಗೇ ತಾನು ಹೇಳಿಕೊಂಡು ಕಿತ್ತಳು. ಆಗಲೂ ಏನೂ ಬದಲಾಗಲಿಲ್ಲ.

ಈಗ ನಿಜವಾಗಿ ಭಯವಾಯಿತು. ಇಡೀ ಕಟ್ಟಡವನ್ನೇ ಕಡಿದು ಹಾಕಿಯಾಗಿತ್ತು. ಮೇಲಿನ ಯಾರ ಕೂಗೂ ಇಲ್ಲಿಗೆ ಬರುವ ದಾರಿಯಿರಲಿಲ್ಲ. ಉಳಿದದ್ದು ಈ ಕೋಣೆಯ ಸರ್ವರುಗಳು, ಅವಳ ಮೇಜು, ಮತ್ತು ಗೋಡೆಯಾಚೆಗಿನ ವರ್ನ್‌ನ ಕೋಣೆ. ಸರ್ವರುಗಳನ್ನು ಯಾರೂ ಮುಟ್ಟಿರಲಿಲ್ಲ, ತನ್ನ ಮೇಜಿನಿಂದ ತಾನೇ ಎದ್ದು ಬಂದಿದ್ದಳು, ವರ್ನ್‌ನ ಕೋಣೆಯಲ್ಲಿ ಈಗ ಯಾರೂ ಇಲ್ಲವೆಂದೇ ಅವಳ ಲೆಕ್ಕ. ಹಾಗಾದರೆ ಕಿರುಚುತ್ತಿರುವುದು ಯಾರು?

ವಾಕಿಟಾಕಿಯಲ್ಲಿ ಲುವಾನ್ ಓದುತ್ತಿದ್ದಳು. ಹನ್ನೊಂದು, ಎಪ್ಪತ್ತು. ಹನ್ನೆರಡು, ಎಂಬತ್ತೊಂದು. ಹದಿನಾಲ್ಕು, ನಲವತ್ತೇಳು.

ಮಾರ್ಲಿಸ್ ಲ್ಯಾಪ್‌ಟಾಪನ್ನು ಸ್ವಿಚ್ಚಿನ ಖಾಲಿ ಬಾಗಿಲಿಗೆ ಸಿಕ್ಕಿಸಿ, ತಂತಿಯ ಮೇಲೆ ಹೋಗುತ್ತಿರುವ ಮಾತನ್ನು ಹಿಡಿದು ಬರೆದುಕೊಳ್ಳುವ ಪ್ರೋಗ್ರಾಮು ಶುರು ಮಾಡಿದಳು. ಎರಡೇ ಸೆಕೆಂಡು, ತಕ್ಷಣ ಕಿತ್ತಳು. ಅಷ್ಟಕ್ಕೇ ಲ್ಯಾಪ್‌ಟಾಪಿನ ಫ್ಯಾನು ಏದುಸಿರು ಬಿಡತೊಡಗಿತ್ತು. ಪರದೆಯ ಮೇಲೆ ಸಾಲುಗಳು ಮೂಡಿದವು. ಅವಳು ಕೆಳಗೆ ಸರಿಸಿದಳು, ಇನ್ನೂ ಕೆಳಗೆ, ಒಮ್ಮೆಲೇ ಕೊನೆಗೆ ಹೋದಳು. ಸಾವಿರಗಟ್ಟಲೆ ಸಾಲುಗಳಲ್ಲೂ ಇದ್ದದ್ದು ಒಂದೇ ಪ್ರಶ್ನೆ.

ಅರವತ್ತೊಂದು ಯಾರು? ಹನ್ನೆರಡಕ್ಕೆ ಹೇಳಿ.

ಯಂತ್ರಗಳು ಹೀಗೆ ಕೇಳುವುದು ಹೊಸತೇನಲ್ಲ. ಒಂದು ಯಂತ್ರಕ್ಕೆ ಇನ್ನೊಂದರ ಹತ್ತಿರ ಮಾತಿದ್ದರೆ ಮೊದಲು ಆ ವಿಳಾಸ ಯಾರದೆಂದು ಎಲ್ಲರನ್ನೂ ಕೂಗಿ ಕೇಳಬೇಕು. ಆದರೆ ಈ ಎರಡು ವಿಳಾಸಗಳನ್ನು ಗುರುತಿಸಲು ಮಾರ್ಲಿಸ್ ಯಾವ ಪಟ್ಟಿಯನ್ನೂ ನೋಡಬೇಕಿರಲಿಲ್ಲ. ಈ ಹನ್ನೆರಡು ರೋಗಿಯ ಕೋಣೆಯಲ್ಲ, ವರ್ನ್‌ನ ಕಂಪ್ಯೂಟರು. ಅರವತ್ತೊಂದು ಅವಳದು.

ಅವನ ಕಂಪ್ಯೂಟರು ಅವಳದನ್ನು ಏಕೆ ಕೇಳುತ್ತದೆಂದೂ ಅವಳಿಗೆ ಗೊತ್ತಿತ್ತು. ಅವಳ ಮನೆ ನಲವತ್ತು ಮೈಲಿಯಾಚೆ ಕೆರೆಯ ದಂಡೆಯಲ್ಲಿ. ಚಳಿಗಾಲದಲ್ಲಿ ಆ ರಸ್ತೆ ಗಾಜಿನ ಹಾಗಿರುತ್ತದೆ. ವರ್ನ್ ಎದುರಿಗೆ ಎಂದೂ ಏನೂ ಹೇಳಿದವನಲ್ಲ. ಆದರೆ ತನ್ನ ಕಂಪ್ಯೂಟರು ಎದ್ದೊಡನೆ ಅವಳ ಕಂಪ್ಯೂಟರನ್ನು ಕರೆದು, ಉತ್ತರ ಬರುವವರೆಗೂ ಕರೆಯುತ್ತಲೇ ಇರುವಂತೆ ಒಂದು ಪುಟ್ಟ ಪ್ರೋಗ್ರಾಮು ಬರೆದಿಟ್ಟಿದ್ದ. ಉತ್ತರ ಬಂದರೆ ಮಾರ್ಲಿಸ್ ಸುರಕ್ಷಿತವಾಗಿ ಬಂದು ಕೂತಳೆಂದು ಅರ್ಥ. ಹತ್ತೊಂಬತ್ತು ವರ್ಷ ಅದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಕಣ್ಣು ತುಂಬಿಬರಬೇಕಾಗಿತ್ತು, ಅವಳಿಗೆ ಬಂದದ್ದು ಸಿಟ್ಟು. ನಲವತ್ತಾರು ವರ್ಷದ ಹೆಂಗಸಿಗೆ ಹಾಜರಿ ಹಾಕುತ್ತೀಯಾ ಎಂದು ಒಂದು ಸೋಮವಾರ ಅವನ ಮೇಲೆ ಹರಿಹಾಯ್ದಿದ್ದಳು. ಮರುದಿನ ಬೇಕೆಂದೇ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವನಿಗೆ ಹೇಳಿ ಕಳಿಸಲೂ ಇಲ್ಲ. ಆಫೀಸಿನ ಫೋನಿಗೆ ಹೊಟ್ಟೆನೋವಿನ ಸುಳ್ಳು ಬಿಟ್ಟು ಹೊದ್ದು ಮಲಗಿದ್ದಳು. ಆ ಬೆಳಗೆಲ್ಲ ಅವನ ಕಂಪ್ಯೂಟರು ಕೇಳುತ್ತಲೇ ಇದ್ದಿರಬೇಕು.

"ಡ್ಯೂಯಿ," ಎಂದಳು. "ವರ್ನ್ ಕಂಪ್ಯೂಟರ್ ಆನ್ ಇದೆಯಾ, ಹೋಗಿ ನೋಡು."

ಒಂಬತ್ತೂವರೆಗೆ ವರ್ನ್‌ನ ಹೆಂಡತಿ ಡೊರೀನ್ ಅವನ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ಕಂಪ್ಯೂಟರಿನಲ್ಲಿ ಮೀನು ಹಿಡಿಯಲು ಹೋದಾಗಿನ ಫೋಟೋಗಳಿವೆ, ಶುಕ್ರವಾರ ಎಲ್ಲ ಅಳಿಸುವುದರೊಳಗೆ ತೆಗೆದುಕೊಳ್ಳಿ ಎಂದು ಹೇಳಿದವಳು ಮಾರ್ಲಿಸೇ. ಕೀಲಿ ಕೈಗಿಟ್ಟು, ಡೊರೀನ್ ಮಾತಿಗೆ ಶುರು ಮಾಡುವ ಮೊದಲೇ ಕೆಲಸವಿದೆಯೆಂದು ತಪ್ಪಿಸಿಕೊಂಡು ಬಂದಿದ್ದಳು. ಇಷ್ಟು ಹೊತ್ತಿಗೆ ಆಕೆ ಮನೆ ಸೇರಿರಬೇಕು ಎಂದುಕೊಂಡಿದ್ದಳು.

ಡ್ಯೂಯಿ ಒಂದು ನಿಮಿಷದಲ್ಲಿ ವಾಪಸಾದ. ಅವನ ಕುಚೋದ್ಯ ಎಲ್ಲಿಗೋ ಹೋಗಿತ್ತು. ಡೊರೀನ್ ಇನ್ನೂ ಅಲ್ಲೇ ಇದ್ದಾಳೆ, ಕೋಟು ಹಾಕಿಕೊಂಡು ಅವನ ಕುರ್ಚಿಯಲ್ಲಿ ಕೂತಿದ್ದಾಳೆ. ಕಂಪ್ಯೂಟರು ಆಫ್ ಆಗಿ ಕಾಲು ಗಂಟೆಯಾಯಿತಂತೆ. ಅವನೇ ಮುಟ್ಟಿ ನೋಡಿದ್ದ, ತಣ್ಣಗಿತ್ತು.

ಮಾರ್ಲಿಸ್ ಮತ್ತೆ ಲ್ಯಾಪ್‌ಟಾಪ್ ಸಿಕ್ಕಿಸಿದಳು, ಮತ್ತೆ ಎರಡು ಸೆಕೆಂಡು ಹಿಡಿದಳು. ಅರವತ್ತೊಂದು ಯಾರು? ಹನ್ನೆರಡಕ್ಕೆ ಹೇಳಿ. ಅರವತ್ತೊಂದು ಯಾರು? ಸತ್ತವನ ಕಂಪ್ಯೂಟರು ಆರಿ ತಣ್ಣಗಾದ ಮೇಲೂ ಅವಳನ್ನು ಕೇಳುತ್ತಿತ್ತು. ಗೋಡೆಯ ಮೇಲಿನ ಇನ್ನೂರು ದೀಪಗಳೂ ಅದನ್ನೇ ಕೇಳುತ್ತಿದ್ದವು. ಓದಿದವಳು, ಇದೇ ಕೆಲಸದಲ್ಲಿ ಕೂದಲು ನರೆಸಿಕೊಂಡವಳು, ಆದರೂ ಆ ಒಂದು ಗಳಿಗೆ ಅವಳು ಬೇರೆ ಏನನ್ನೂ ನಂಬಲಿಲ್ಲ. ಅವನೇ ಕೇಳುತ್ತಿದ್ದಾನೆ ಎಂದೇ ನಂಬಿದಳು. ಕೈ ಕಟ್ಟಿ ಹಾಕಿದ ಹಾಗೆ ನಿಂತುಬಿಟ್ಟಳು.

"ಹನ್ನೊಂದು, ಎಪ್ಪತ್ತೊಂದು," ಲುವಾನ್ ಓದಿದಳು. "ಹನ್ನೆರಡು, ಎಪ್ಪತ್ತೊಂಬತ್ತು. ಹದಿನಾಲ್ಕು..." ಗೊರಗೊರ ಸದ್ದು. "ತಡಿ."

ಆಮೇಲೆ ವಾಕಿಟಾಕಿಯಲ್ಲಿ ಮಾತಿಲ್ಲ. ಓಡುವ ಕಾಲಿನ ಸದ್ದು ಮಾತ್ರ ಒಂದಿಷ್ಟು ಕೇಳಿ ಕಡಿಯಿತು.

ಆ "ತಡಿ" ಎಂಬ ಮಾತು ಅವಳನ್ನು ಹಿಡಿದು ಅಲುಗಿಸಿತು. ಲೂಪಿನಲ್ಲಿ ಸಿಕ್ಕ ಕೂಗಿಗೆ ವಯಸ್ಸಿಲ್ಲ. ಕೂಗಿದ ಯಂತ್ರ ಇರಲಿ ಬಿಡಲಿ, ಕೂಗು ಸುತ್ತುತ್ತಲೇ ಇರುತ್ತದೆ. ಕಂಪ್ಯೂಟರು ಆರುವ ಮೊದಲೇ ಅದರ ಪ್ರಶ್ನೆ ಲೂಪಿಗೆ ಬಿದ್ದಿದೆ. ಲೂಪನ್ನು ಮೊದಲು ತುಂಬಿದ ಕೂಗು ಅದೇ ಆಗಿದ್ದರೆ ಲೂಪ್ ಇರುವುದೂ ಅದರ ಪಕ್ಕದಲ್ಲೇ. ಕಾವಲು ಯಾಕೆ ಕೆಲಸ ಮಾಡಲಿಲ್ಲವೆಂಬುದೂ ಆಗಲೇ ಹೊಳೆಯಿತು. ವರ್ನ್ ತನ್ನ ಮೇಜಿನ ಮೇಲೆ ಹೊಸ ಹೊಸ ಸಾಮಾನು ಜೋಡಿಸಿ ಪರೀಕ್ಷೆ ಮಾಡುತ್ತಿದ್ದ, ಕಾವಲು ಪದೇ ಪದೇ ಅವನ ಬಾಗಿಲನ್ನೇ ಮುಚ್ಚುತ್ತಿತ್ತು. ಊರಿಗೆಲ್ಲ ಕಾವಲಿಟ್ಟ ಮನುಷ್ಯ ತನ್ನೊಬ್ಬನ ಬಾಗಿಲಿಗೆ ಮಾತ್ರ ಅದನ್ನು ತೆಗೆದುಹಾಕಿದ್ದ.

ಅವನ ಕೋಣೆಯ ಕೇಬಲ್ಲಿಗೆ ಅವನದೇ ಕೈಬರಹದ ಚೀಟಿ ಅಂಟಿತ್ತು. ಮಾರ್ಲಿಸ್ ಅದನ್ನು ಹಿಡಿದಳು. ಇದನ್ನು ಕಿತ್ತರೆ ಅವನ ದನಿ ನಿಂತುಹೋಗುತ್ತದೆ ಎಂದು ಹುಚ್ಚು ಯೋಚನೆ ಬಂತು. ಹಿಂದೆ ಡ್ಯೂಯಿ ನಿಂತಿದ್ದಾನೆಂಬುದನ್ನೂ ಮರೆತು ಅವಳು ಕಪಾಟಿಗೆ ಹೇಳಿದಳು, "ಬಂದಿದೀನಿ ವರ್ನ್. ಇಲ್ಲೇ ಇದೀನಿ." ಹೇಳಿ ಕಿತ್ತಳು.

ಇನ್ನೂರು ದೀಪಗಳು ಒಮ್ಮೆಲೇ ಆರಿದವು. ಆಮೇಲೆ ಅಲ್ಲೊಂದು ಮಿನುಗಿತು, ಇಲ್ಲೊಂದು ಮಿನುಗಿತು. ಅವಳು ಮಹಡಿಗಳ ಎಳೆಗಳನ್ನು ಎರಡನೆಯದರಿಂದ ಶುರು ಮಾಡಿ ಒಂದೊಂದಾಗಿ ಮತ್ತೆ ಸಿಕ್ಕಿಸಿದಳು. ಅವಳ ಮೇಜಿನ ಫೋನು ಟ್ರಿಣ್ ಎಂದು ಜೀವ ಹಿಡಿಯಿತು, ಮೂಲೆಯ ಪ್ರಿಂಟರು ತಡೆದಿಟ್ಟುಕೊಂಡಿದ್ದ ಕಾಗದಗಳನ್ನೆಲ್ಲ ಕಕ್ಕತೊಡಗಿತು. ಮೇಲಿನ ಸುದ್ದಿ ಬರಲಿಲ್ಲ. ಡ್ಯೂಯಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಬ್ಬರೂ ವಾಕಿಟಾಕಿಯನ್ನೇ ನೋಡುತ್ತ ನಿಂತರು.

ನಾಲ್ಕು ನಿಮಿಷದ ಮೇಲೆ ಲುವಾನಳ ದನಿ ಬಂತು. ಪರದೆ ಬಂದಿದೆ, ಆರೂ ಜನ ಕಾಣುತ್ತಿದ್ದಾರೆ. ಹದಿನಾಲ್ಕನೆಯ ಕೋಣೆಯವನ ಎದೆಬಡಿತ ಮೂವತ್ತರ ಕೆಳಗೆ ಇಳಿದು ಎಚ್ಚರ ತಪ್ಪಿತ್ತು, ತಾನು ಅದೇ ಹೊತ್ತಿಗೆ ಬಾಗಿಲಲ್ಲಿದ್ದದ್ದರಿಂದ ಇಂಜೆಕ್ಷನ್ ಕೊಟ್ಟದ್ದಾಯಿತು, ಡಾಕ್ಟರೂ ಬಂದರು. ಈಗ ಐವತ್ತೆಂಟು. ಎಚ್ಚರವಾದೊಡನೆ ತನ್ನ ಕಾಫಿ ಯಾರು ತಣ್ಣಗೆ ಮಾಡಿದರೆಂದು ಜಗಳ ತೆಗೆದಿದ್ದಾನಂತೆ. ಡ್ಯೂಯಿ ಟೋಪಿ ತಲೆಗಿಟ್ಟುಕೊಂಡು ಕಣ್ಣೊರೆಸಿಕೊಂಡ. ಮಾರ್ಲಿಸ್ ತನ್ನ ಮೇಜಿಗೆ ಹೋಗಿ ತನ್ನ ಕಂಪ್ಯೂಟರಿನ ಲೆಕ್ಕವೊಂದನ್ನು ನೋಡಿದಳು. ಆಮೇಲೆ ಪಕ್ಕದ ಕೋಣೆಗೆ ನಡೆದಳು.

ಡ್ಯೂಯಿ ಹೇಳಿದ ಹಾಗೆಯೇ ಡೊರೀನ್ ಕೂತಿದ್ದಳು, ಕೋಟಿನ ಗುಂಡಿಯೆಲ್ಲ ಹಾಕಿ, ಮಡಿಲಲ್ಲಿ ಕೈಚೀಲವಿಟ್ಟುಕೊಂಡು. ಮೇಜು ಒಪ್ಪವಾಗಿತ್ತು. ಪೆನ್ನುಗಳೆಲ್ಲ ಲೋಟದಲ್ಲಿ, ಕಾಗದಗಳು ಒಂದರ ಮೇಲೊಂದು. ಗಂಡ ಬಿಟ್ಟುಹೋದ ಜಾಗವನ್ನು ಗಲೀಜಾಗಿ ಒಪ್ಪಿಸಿದರೆಂದು ಈ ಊರಿನ ಯಾವ ಹೆಂಗಸೂ ಅನ್ನಿಸಿಕೊಳ್ಳುವುದಿಲ್ಲ. ಮೇಜಿನ ಹಿಂಬದಿಯಲ್ಲಿ ಐದು ಬಾಗಿಲುಗಳ ಒಂದು ಪುಟ್ಟ ನೀಲಿ ಸ್ವಿಚ್ಚಿತ್ತು. ಅದರ ಮೂರನೆಯ ಬಾಗಿಲಿನಿಂದ ಹೊರಟ ಒಂದು ಮೊಳದ ಕೇಬಲ್ಲು ಬಳೆಯ ಹಾಗೆ ಬಾಗಿ ಐದನೆಯ ಬಾಗಿಲಿಗೆ ಸೇರಿತ್ತು. ಅದರ ದೀಪಗಳು ಈಗಲೂ ಒಂದೇ ಸಮನೆ ಪಿಳುಕುತ್ತಿದ್ದವು. ಹೊರಗಿನ ನೆಟ್‌ವರ್ಕಿನಿಂದ ಅದನ್ನು ಕಡಿದಿದ್ದರೂ ಒಳಗಿನ ಸುತ್ತು ನಿಂತಿರಲಿಲ್ಲ.

ಕೀಲಿ ಕೊಡೋಣವೆಂದು ನಿನಗೆ ಫೋನು ಮಾಡಿದೆ, ಫೋನು ಸತ್ತಿತ್ತು, ಕೀಲಿಯನ್ನು ಎಲ್ಲೆಂದರಲ್ಲಿ ಇಟ್ಟು ಹೋಗುವುದು ವರ್ನ್‌ಗೆ ಸೇರುತ್ತಿರಲಿಲ್ಲ ಎಂದಳು ಡೊರೀನ್. ಮಾರ್ಲಿಸ್ ಆ ಕೇಬಲ್ಲನ್ನೇ ನೋಡುತ್ತಿದ್ದದ್ದನ್ನು ಅವಳೂ ಗಮನಿಸಿದಳು. ಕಂಪ್ಯೂಟರು ಏಳಲಿಕ್ಕೆ ಹೊತ್ತು ಹಿಡಿಯಿತು, ಕಾಯುತ್ತ ಮೇಜು ಒಪ್ಪ ಮಾಡಿದೆ, ಆ ತಂತಿಯ ಒಂದು ತುದಿ ಸುಮ್ಮನೆ ಜೋತುಬಿದ್ದಿತ್ತು, ಖಾಲಿ ತೂತು ನೋಡಿ ಸಿಕ್ಕಿಸಿದೆ ಎಂದಳು. ತುದಿಯನ್ನು ಹಾಗೆ ಬಿಡಬಾರದು, ಪ್ರತಿ ತುದಿಗೂ ಒಂದು ಮನೆ ಇರಬೇಕು ಎಂದು ವರ್ನ್ ಕ್ರಿಸ್‌ಮಸ್ ದೀಪ ಕಟ್ಟುವಾಗೆಲ್ಲ ಮನೆಯಲ್ಲಿ ತಲೆ ತಿನ್ನುತ್ತಿದ್ದನಂತೆ.

"ನಾನೇನಾದ್ರೂ ಹಾಳು ಮಾಡಿದ್ನಾ?" ಎಂದು ಕೇಳಿದಳು.

ಇಲ್ಲ ಎನ್ನಲು ಹೊರಟ ಮಾರ್ಲಿಸ್‌ಗೆ ಆ ಸುಳ್ಳು ಬಾಯಿಗೆ ಬರಲಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕೇಬಲ್ಲಿನಿಂದ ಆದದ್ದು, ತಪ್ಪು ಡೊರೀನಳದಲ್ಲ, ಕಾವಲು ತೆಗೆದವನದು, ಅದನ್ನು ನೋಡದೆ ಬಿಟ್ಟ ತನ್ನದು. ಅವನ ಕಂಪ್ಯೂಟರು ದಿನಾ ಕೇಳುತ್ತಿದ್ದ ಪ್ರಶ್ನೆ. ಹೊಟ್ಟೆನೋವಿರಲಿಲ್ಲವೆಂಬುದು. ಆ ಮಂಗಳವಾರ ಬೇಕೆಂದೇ ಉತ್ತರ ಕೊಡದೆ ಮನೆಯಲ್ಲಿ ಮಲಗಿದ್ದದ್ದು. ಹೇಳುವಾಗ ನೆಲ ನೋಡುತ್ತಿದ್ದಳು. ಮುಗಿದ ಮೇಲೂ ತಲೆಯೆತ್ತುವ ಧೈರ್ಯವಾಗಲಿಲ್ಲ.

ಡೊರೀನ್ ನೀಲಿ ಪೆಟ್ಟಿಗೆಯ ದೀಪಗಳ ಕಡೆ ತಿರುಗಿದಳು. ಆಮೇಲೆ ಮೆತ್ತಗೆ ಕೇಳಿದಳು.

"ಇವತ್ತು ಅದಕ್ಕೆ ಉತ್ತರ ಸಿಕ್ತಾ?"

"ನನ್ನ ಕಂಪ್ಯೂಟರ್ ಕೊಡ್ತಾನೇ ಇತ್ತು. ಈಗ ನೋಡಿಬಂದೆ. ಮೂವತ್ತೊಂದು ಲಕ್ಷ ಸಲ ಕೊಟ್ಟಿದೆ."

"ಅಷ್ಟು ಹೊತ್ತಿಗೆ ಇದನ್ನ ನಾನು ಆರಿಸಿಬಿಟ್ಟಿದ್ದೆ, ಅಲ್ವಾ?"

"ಹೌದು."

ಡೊರೀನ್ ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಾರ್ಲಿಸ್‌ಗೆ ಹಗುರವಾಗುತ್ತಿತ್ತು.

"ಆ ದಿನ ಹತ್ತೂಕಾಲಿಗೆ ನಾನು ಫೋನ್ ಮಾಡಿದ್ದೆ ಕಣೇ," ಎಂದಳು. "ಎತ್ತಲಿಲ್ಲ. ಇನ್ನೊಂದ್ಸಲ ಮಾಡೋಣ ಅನ್ಕೊಂಡೆ. ಆಮೇಲೆ, ಮಾರ್ಲಿಸ್ ಜೊತೆಗಿರ್ತಾಳಲ್ಲ, ಇಬ್ರೂ ಎಲ್ಲೋ ತಂತಿ ಎಳೀತಿರ್ತಾರೆ ಅಂತ ಹೇಳ್ಕೊಂಡು ಇಟ್ಟುಬಿಟ್ಟೆ. ಬ್ರೆಡ್ಡಿಗೆ ಹಿಟ್ಟು ಕಲಸ್ತಾ ಕೂತೆ."

ಕ್ಷಮಿಸಿ ಎನ್ನುವ ಮಾತು ಎಷ್ಟು ಸಣ್ಣದೆಂದು ಮಾರ್ಲಿಸ್‌ಗೆ ಗೊತ್ತಿತ್ತು, ಆದ್ದರಿಂದ ಅದನ್ನು ಆಡಲಿಲ್ಲ. ಏನಾದರೂ ಮಾಡಬೇಕೆಂದು ನೀಲಿ ಪೆಟ್ಟಿಗೆಯ ಕಡೆ ಕೈ ಚಾಚಿದಳು.

"ಇದು ಈಗ್ಲೂ ಕೇಳ್ತಾ ಇದೆಯಾ?" ಎಂದಳು ಡೊರೀನ್.

"ಇದರೊಳಗೆ ಕೇಳ್ತಾನೇ ಇರುತ್ತೆ. ಈಗ ಯಾರಿಗೂ ಕೇಳಿಸಲ್ಲ. ಒಂದು ತುದಿ ಕಿತ್ತರೆ ನಿಲ್ಲುತ್ತೆ."

ಅವಳ ಬೆರಳು ಕೇಬಲ್ಲಿಗೆ ತಾಕುವಷ್ಟರಲ್ಲಿ ಡೊರೀನ್ ಅವಳ ಮಣಿಕಟ್ಟು ಹಿಡಿದುಕೊಂಡಳು. ಕೈ ಚಳಿಗೆ ಕೊರೆಯುತ್ತಿತ್ತು, ಹಿಡಿತ ಬಿಗಿಯಾಗಿತ್ತು. "ಬೇಡ," ಎಂದಳು. ಇನ್ನೊಂದು ಕೈಯಿಂದ ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚತೊಡಗಿದಳು. ಮಧ್ಯಾಹ್ನ ಡ್ಯೂಯಿ ಊಟಕ್ಕೆ ಕರೆಯಲು ಬಂದಾಗ ಆ ದೀಪಗಳು ಪಿಳುಕುತ್ತಲೇ ಇದ್ದವು, ಇಬ್ಬರು ಹೆಂಗಸರೂ ಅವುಗಳ ಮುಂದೆ ಕೂತೇ ಇದ್ದರು.